ಎದೆ ಏರಿಳಿಯುತ್ತಿದೆ, ಆದರೂ ‘ಬ್ರೇನ್ ಡೆಡ್’ ಅಂತಾರೆ: ಐಸಿಯು ಹೊರಗೆ ಕೂತ ಮನೆಯವರಿಗೆ

“ಸಿಸ್ಟರ್, ಹೃದಯ ಬಡೀತಾ ಇದೆ. ಮೈ ಬೆಚ್ಚಗಿದೆ. ಮೂತ್ರ ಬರ್ತಾ ಇದೆ. ಹೋಗಿಬಿಟ್ಟಿದ್ದಾನೆ ಅಂತ ಹೇಗೆ ಹೇಳ್ತೀರಾ?”

16 ವರ್ಷ ಐಸಿಯುನಲ್ಲಿ ನರ್ಸ್ ಆಗಿ ಕೆಲಸ ಮಾಡಿದ್ದೇನೆ. ಈ ಪ್ರಶ್ನೆಯನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಕೇಳಿದವರು ತಪ್ಪು ಕೇಳಲಿಲ್ಲ. ಕಣ್ಣಿಗೆ ಕಾಣುವುದು ಒಂದು, ಡಾಕ್ಟರ್ ಹೇಳುವುದು ಇನ್ನೊಂದು. ಇಂಥ ಸ್ಥಿತಿಯಲ್ಲಿ ಏನನ್ನು ಯಾವ ಕ್ರಮದಲ್ಲಿ ಕೇಳಬೇಕು, ಯಾವುದನ್ನು ನಂಬಬಹುದು ಎಂದು ಹೇಳಲು ಇದನ್ನು ಬರೆಯುತ್ತಿದ್ದೇನೆ. ಜೊತೆಗೆ ಒಬ್ಬ ಹುಡುಗನ ಕತೆಯನ್ನೂ ಹೇಳುತ್ತೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಮೊದಲು ಪದಗಳನ್ನು ಬೇರೆ ಮಾಡಿಕೊಳ್ಳಿ

ನಮ್ಮ ಭಾಷೆಯಲ್ಲೇ ಅರ್ಧ ಗೊಂದಲ ಇದೆ. ಪತ್ರಿಕೆಗಳು ಬ್ರೇನ್ ಡೆತ್ ಅನ್ನುವುದಕ್ಕೆ ‘ಮೆದುಳು ನಿಷ್ಕ್ರಿಯ’ ಎಂದು ಬರೆಯುತ್ತವೆ. ನಿಷ್ಕ್ರಿಯ ಅಂದರೆ ಕೆಲಸ ನಿಲ್ಲಿಸಿದೆ ಅಂತ. ಸಿಮ್ ಕಾರ್ಡ್ ನಿಷ್ಕ್ರಿಯವಾದರೆ ಮತ್ತೆ ಚಾಲೂ ಮಾಡಿಸಬಹುದು ಅಲ್ವಾ? ಹಾಗೇ ಇದೂ ಸರಿಹೋಗಬಹುದು ಎಂಬ ಆಸೆಯನ್ನು ಆ ಪದವೇ ಹುಟ್ಟಿಸುತ್ತದೆ. ಇನ್ನೊಂದು ಕಡೆ, ಕಣ್ಣು ಬಿಟ್ಟು ಮಲಗಿರುವವರನ್ನೂ ವರ್ಷಗಟ್ಟಲೆ ‘ಕೋಮಾದಲ್ಲಿದ್ದಾರೆ’ ಅನ್ನುತ್ತೇವೆ. ಅದು ಕೋಮಾ ಅಲ್ಲ.

ನಾನು ಮನೆಯವರಿಗೆ ಮೂರು ಮಾತಲ್ಲಿ ವಿವರಿಸುತ್ತಿದ್ದೆ. ಎಚ್ಚರ, ಅರಿವು, ಉಸಿರು. ಕಣ್ಣು ತೆರೆದು ಮುಚ್ಚುವುದು, ಮಲಗಿ ಏಳುವುದು ಎಚ್ಚರ. ‘ಇದು ನಾನು, ಇವಳು ನನ್ನ ಅಮ್ಮ’ ಅಂತ ತಿಳಿಯುವುದು ಅರಿವು. ಉಸಿರು ಅಂದರೆ ಯಾರೂ ಹೇಳದೆ ಎದೆ ತಾನಾಗಿ ಗಾಳಿ ಎಳೆದುಕೊಳ್ಳುವುದು.

ಕೋಮಾದಲ್ಲಿ ಎಚ್ಚರವೂ ಇಲ್ಲ, ಅರಿವೂ ಇಲ್ಲ. ಕಣ್ಣು ಮುಚ್ಚೇ ಇರುತ್ತದೆ, ಚಿವುಟಿದರೂ ತೆರೆಯುವುದಿಲ್ಲ. ಆದರೆ ಮೆದುಳಿನ ಬುಡದಲ್ಲಿರುವ ಕಾಂಡ ಪೂರ್ತಿಯಾಗಿಯೋ ಸ್ವಲ್ಪವೋ ಕೆಲಸ ಮಾಡುತ್ತಿರುತ್ತದೆ. ವೆಂಟಿಲೇಟರ್ ಹಾಕಿದ್ದರೂ ನಡುನಡುವೆ ಸ್ವಂತ ಉಸಿರು ಬರಬಹುದು, ಗಂಟಲಿಗೆ ಪೈಪ್ ತಾಗಿದರೆ ಕೆಮ್ಮಬಹುದು. ನಿಜವಾದ ಕೋಮಾ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಕ್ಕಿಂತ ಜಾಸ್ತಿ ಇರುವುದಿಲ್ಲ. ಅಷ್ಟರೊಳಗೆ ಕೆಲವರು ಏಳುತ್ತಾರೆ, ಕೆಲವರು ತೀರಿಕೊಳ್ಳುತ್ತಾರೆ, ಇನ್ನು ಕೆಲವರು ಕಣ್ಣು ತೆರೆದು ಮುಂದಿನ ಸ್ಥಿತಿಗೆ ಹೋಗುತ್ತಾರೆ.

ಆ ಮುಂದಿನ ಸ್ಥಿತಿಯೇ ವೆಜಿಟೇಟಿವ್ ಸ್ಟೇಟ್. ಇದಕ್ಕೆ ಕನ್ನಡದಲ್ಲಿ ಜನರ ಬಾಯಲ್ಲಿ ನಿಂತ ಪದ ಇಲ್ಲ. ಎಚ್ಚರ ಇದೆ, ಅರಿವಿಲ್ಲ ಅಂತ ಇಟ್ಟುಕೊಳ್ಳಿ. ಕಣ್ಣು ತೆರೆಯುತ್ತಾರೆ, ಮಲಗುತ್ತಾರೆ, ಉಸಿರು ತಾವೇ ಆಡುತ್ತಾರೆ. ಆಕಳಿಸುತ್ತಾರೆ, ಹಲ್ಲು ಕಡಿಯುತ್ತಾರೆ, ಕಣ್ಣೀರೂ ಬರಬಹುದು. ಆದರೆ ಕರೆದರೆ ತಿರುಗಿ ನೋಡುವುದಿಲ್ಲ, ಹೇಳಿದ್ದನ್ನು ಮಾಡುವುದಿಲ್ಲ.

ನಮ್ಮ ಹೊನ್ನಾವರದ ಹಳದೀಪುರದ ಅರುಣಾ ಶಾನಭಾಗ್ ಅವರನ್ನು ನೆನೆಸಿಕೊಳ್ಳಿ. ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್‌ನಲ್ಲಿ ಅವರ ಮೇಲೆ ಹಲ್ಲೆ ನಡೆಯಿತು, ಕುತ್ತಿಗೆ ಬಿಗಿದದ್ದರಿಂದ ಮೆದುಳಿಗೆ ಆಮ್ಲಜನಕ ಸಿಗಲಿಲ್ಲ. 2015ರ ಮೇ 18ರವರೆಗೆ, ಅಂದರೆ ಸುಮಾರು 42 ವರ್ಷ, ಅದೇ ಆಸ್ಪತ್ರೆಯಲ್ಲಿ ಇದ್ದರು. ಉಸಿರಾಟ ಅವರದ್ದೇ ಆಗಿತ್ತು. ಅವರು ಬ್ರೇನ್ ಡೆಡ್ ಅಲ್ಲ ಎಂದು 2011ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು. ಬ್ರೇನ್ ಡೆತ್ ಆದ ದೇಹವನ್ನು ಹಾಗೆ ದಶಕಗಟ್ಟಲೆ ಹಾಸಿಗೆಯ ಮೇಲೆ ನೋಡಿಕೊಳ್ಳಲು ಆಗುವುದಿಲ್ಲ. ವೆಂಟಿಲೇಟರ್ ಇದ್ದರೂ ಸಾಮಾನ್ಯವಾಗಿ ಕೆಲವು ಗಂಟೆ ಅಥವಾ ಕೆಲವು ದಿನದಲ್ಲಿ ಹೃದಯ ನಿಲ್ಲುತ್ತದೆ.

ಬ್ರೇನ್ ಡೆತ್‌ನಲ್ಲಿ ಎಚ್ಚರ, ಅರಿವು, ಉಸಿರು ಮೂರೂ ಹೋಗಿರುತ್ತವೆ, ಮತ್ತೆ ಬರುವುದಿಲ್ಲ. ಹೃದಯ ಯಾಕೆ ಬಡಿಯುತ್ತದೆ ಎಂದರೆ, ಅದಕ್ಕೆ ಬಡಿತ ಹುಟ್ಟಿಸುವ ಗಂಟು ಅದರೊಳಗೇ ಇದೆ. ಆಮ್ಲಜನಕ ಸಿಗುವವರೆಗೆ ಅದು ಮೆದುಳಿನ ಅಪ್ಪಣೆ ಇಲ್ಲದೆಯೇ ಬಡಿಯುತ್ತದೆ. ಆಮ್ಲಜನಕ ಕೊಡುತ್ತಿರುವುದು ಮೆಷಿನ್. ಎದೆ ಏರಿಳಿಯುವುದೂ ಮೆಷಿನ್ ಗಾಳಿ ತಳ್ಳುವುದರಿಂದ. ನಮ್ಮ ದೇಶದ ಕಾನೂನು ಇದನ್ನು ಸಾವು ಎಂದೇ ಒಪ್ಪುತ್ತದೆ, 1994ರ ಅಂಗಾಂಗ ಕಸಿ ಕಾಯ್ದೆಯಲ್ಲಿ ಇದಕ್ಕೆ ‘ಮೆದುಳು ಕಾಂಡದ ಸಾವು’ ಎಂಬ ಅರ್ಥದ ಹೆಸರಿದೆ.

ಯಾರಾದರೂ ಆ ಪದ ಆಡಿದರೆ: “ಪರೀಕ್ಷೆ ಆಗಿದೆಯಾ?”

ಈಗ ಆ ಹುಡುಗನ ವಿಷಯ. ಶಿರಾ ಕಡೆಯವನು, 28 ವರ್ಷ. ಭಾನುವಾರ ರಾತ್ರಿ ಬೈಕ್ ಬಿದ್ದು ತಲೆಗೆ ಪೆಟ್ಟಾಗಿತ್ತು, ಹೆಲ್ಮೆಟ್ ಇರಲಿಲ್ಲ. ಮೆದುಳಿನ ಸುತ್ತ ರಕ್ತ ಹೆಪ್ಪುಗಟ್ಟಿದ್ದನ್ನು ರಾತ್ರಿಯೇ ಆಪರೇಷನ್ ಮಾಡಿ ತೆಗೆದರು. ಸೋಮವಾರ ಮಧ್ಯಾಹ್ನ ಕಣ್ಣಿನ ಪಾಪೆ ದೊಡ್ಡದಾಗಿ ನಿಂತುಬಿಟ್ಟಿತು. ಆಗ ಕಾರಿಡಾರ್‌ನಲ್ಲಿ ಒಬ್ಬರು ಕಿರಿಯ ಡಾಕ್ಟರ್ ಅವನ ಅಕ್ಕನಿಗೆ “ಬ್ರೇನ್ ಡೆಡ್ ಥರಾನೇ ಇದೆ” ಅಂದುಬಿಟ್ಟರು. ಅವನಿಗೆ ಆಗ ಇನ್ನೂ ಮಂಪರಿನ ಔಷಧ ಓಡುತ್ತಿತ್ತು. ಒಂದೇ ಒಂದು ಪರೀಕ್ಷೆಯೂ ಆಗಿರಲಿಲ್ಲ. ಅಕ್ಕ ಊರಿಗೆ ಫೋನ್ ಮಾಡಿದರು. ಸಂಜೆಯ ಹೊತ್ತಿಗೆ ಊರಲ್ಲಿ ಮನೆ ಮುಂದೆ ಜನ ಸೇರಿದ್ದರು. ಆ ಕ್ಷಣಕ್ಕೆ ಅದು ಹೇಳಬಾರದ ಮಾತು, ನನಗೆ ಇವತ್ತಿಗೂ ಅದು ನೋವು.

ಈ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ಬ್ರೇನ್ ಡೆತ್ ಅಂದಾಜಲ್ಲಿ ಹೇಳುವ ಮಾತಲ್ಲ. ‘ಹತ್ತಿರ ಹತ್ತಿರ’, ‘90 ಪರ್ಸೆಂಟ್’ ಅಂತ ಅದರಲ್ಲಿ ಇಲ್ಲ. ಪರೀಕ್ಷೆ ಮಾಡಿ, ಬರೆದು, ಸಹಿ ಹಾಕಿದ ಮೇಲೆ ಅದು ಸಾವು. ಅದಕ್ಕೂ ಮೊದಲು ಆ ಮಾತಿಗೆ ಬೆಲೆ ಇಲ್ಲ, ಆಗ ರೋಗಿ ಇನ್ನೂ ರೋಗಿಯೇ. ಹಾಗಾಗಿ ಯಾರು ಆ ಪದ ಆಡಿದರೂ ಸಿಟ್ಟಾಗದೆ ಕೇಳಿ: “ಪರೀಕ್ಷೆ ಆಗಿದೆಯಾ? ಎಷ್ಟು ಸಲ? ಯಾರು ಮಾಡಿದರು?” ಉತ್ತರ ‘ಇಲ್ಲ’ ಅಂತಾದರೆ ಸೀನಿಯರ್ ಡಾಕ್ಟರ್ ಜೊತೆ, ಕೂತು ಮಾತಾಡುವ ಜಾಗದಲ್ಲಿ, ಮನೆಯ ಇಬ್ಬರು ಮಾತಾಡಲು ಸಮಯ ಕೇಳಿ.

ಕೇಸ್ ಶೀಟ್‌ನಲ್ಲಿ ‘ಜಿಸಿಎಸ್ 3’ ಅಂತ ಕಂಡರೂ ಅದೇ ತೀರ್ಮಾನ ಎಂದುಕೊಳ್ಳಬೇಡಿ. ಜಿಸಿಎಸ್ ಅನ್ನುವುದು ಕಣ್ಣು, ಮಾತು, ಕೈಕಾಲಿನ ಸ್ಪಂದನೆಗೆ ಕೊಡುವ ಅಂಕ. 15 ಅತಿ ಹೆಚ್ಚು, 3 ಅತಿ ಕಡಿಮೆ, ಸೊನ್ನೆ ಇಲ್ಲ. ಆಳವಾದ ಕೋಮಾದಲ್ಲೂ 3 ಇರುತ್ತದೆ, ಮಂಪರಿನ ಔಷಧ ಜಾಸ್ತಿ ಇದ್ದಾಗಲೂ 3 ಇರುತ್ತದೆ.

ಪರೀಕ್ಷೆಗೆ ಮುಂಚೆ ಏನೇನು ತೆಗೆದುಹಾಕಬೇಕು

ಇದೇ ಅತಿ ಮುಖ್ಯವಾದ ಹಂತ. ಮನೆಯವರಿಗೆ ಇದರ ಬಗ್ಗೆ ಯಾರೂ ಹೇಳುವುದೇ ಕಡಿಮೆ. ಬ್ರೇನ್ ಡೆತ್ ಥರ ಕಾಣುವ, ಆದರೆ ವಾಸಿಯಾಗುವ ಸ್ಥಿತಿಗಳು ಕೆಲವು ಇವೆ. ಅವು ಇಲ್ಲ ಎಂದು ಖಾತ್ರಿಯಾದ ಮೇಲೆಯೇ ಪರೀಕ್ಷೆ ಶುರುವಾಗಬೇಕು.

ಮೊದಲನೆಯದಾಗಿ, ಮೆದುಳಿಗೆ ಏನಾಗಿದೆ ಅಂತ ಗೊತ್ತಿರಬೇಕು. ಸ್ಕ್ಯಾನ್‌ನಲ್ಲಿ ದೊಡ್ಡ ರಕ್ತಸ್ರಾವವೋ, ಭಾರಿ ಊತವೋ ಕಾಣಬೇಕು. ‘ಯಾಕೆ ಹೀಗಾಯಿತು ಗೊತ್ತಿಲ್ಲ’ ಅನ್ನುವ ರೋಗಿಯಲ್ಲಿ ಪರೀಕ್ಷೆಗೆ ಅವಸರ ಮಾಡುವಂತಿಲ್ಲ. ಎರಡನೆಯದು, ಮಂಪರಿನ ಔಷಧ ಮತ್ತು ಸ್ನಾಯು ಸಡಿಲಿಸುವ ಔಷಧ ಮೈಯಿಂದ ಪೂರ್ತಿ ಇಳಿದಿರಬೇಕು. ಕಿಡ್ನಿ, ಲಿವರ್ ಸರಿ ಇಲ್ಲದಿದ್ದರೆ ಇದಕ್ಕೆ ಜಾಸ್ತಿ ಹೊತ್ತು ಬೇಕು. ಮೂರನೆಯದು, ಮೈ ತಣ್ಣಗಿರಬಾರದು, ಬಿಪಿ ಪಾತಾಳಕ್ಕೆ ಬಿದ್ದಿರಬಾರದು, ಸಕ್ಕರೆ ಸೋಡಿಯಂ ಏರುಪೇರಾಗಿದ್ದರೆ ಸರಿಮಾಡಿರಬೇಕು.

ಹಳ್ಳಿ ಕಡೆಯವರಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ಕಟ್ಟು ಹಾವು ಅಥವಾ ನಾಗರಹಾವು ಕಚ್ಚಿದಾಗ ವಿಷ ಸ್ನಾಯುಗಳನ್ನು ಕಟ್ಟಿಹಾಕುತ್ತದೆ. ಕಣ್ಣು ತೆರೆಯಲಾಗದು, ಉಸಿರು ನಿಲ್ಲುತ್ತದೆ, ಪಾಪೆ ದೊಡ್ಡದಾಗಿ ಬೆಳಕಿಗೂ ಅಲುಗಾಡದೆ ನಿಲ್ಲಬಹುದು. ನೋಡಿದರೆ ಬ್ರೇನ್ ಡೆಡ್. ಆದರೆ ಒಳಗೆ ಮೆದುಳು ಚೆನ್ನಾಗಿರಬಹುದು, ಸುತ್ತ ಆಡಿದ ಮಾತು ಕೇಳಿಸುತ್ತಲೂ ಇರಬಹುದು. ವೆಂಟಿಲೇಟರ್ ಮೇಲೆ ದಿನಗಟ್ಟಲೆ ಕಾದು ಎದ್ದು ನಡೆದು ಮನೆಗೆ ಹೋದವರ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿವೆ. ಕಟ್ಟು ಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುವುದು ಜಾಸ್ತಿ, ಗಾಯದ ಗುರುತೂ ಸರಿಯಾಗಿ ಕಾಣದು. ಬೆಳೆಗೆ ಹೊಡೆಯುವ ಕೀಟನಾಶಕ ಕುಡಿದಾಗಲೂ ಆಳವಾದ ಕೋಮಾ ಆಗುತ್ತದೆ. ಆದ್ದರಿಂದ ಹೊಲದಲ್ಲಿ ಮಲಗಿದ್ದರಾ, ಔಷಧಿ ಡಬ್ಬ ಸಿಕ್ಕಿತಾ, ನಿದ್ದೆ ಮಾತ್ರೆ ನುಂಗುತ್ತಿದ್ದರಾ, ಕುಡಿದಿದ್ದರಾ ಎಂಬುದನ್ನು ಮರ್ಯಾದೆಗೆ ಅಂಜಿ ಮುಚ್ಚಿಡಬೇಡಿ. ಡಾಕ್ಟರಿಗೆ ಗೊತ್ತಿಲ್ಲದ, ನಿಮಗೆ ಮಾತ್ರ ಗೊತ್ತಿರುವ ವಿಷಯ ಇದು.

ನಮ್ಮ ಹುಡುಗನಿಗೆ ಸೋಮವಾರ ಸಂಜೆ ಮಂಪರಿನ ಔಷಧ ನಿಲ್ಲಿಸಿದರು. ಮಂಗಳವಾರ ಇಡೀ ದಿನ ಕಾದರು. ಮತ್ತೆ ಸ್ಕ್ಯಾನ್ ಮಾಡಿದಾಗ ಮೆದುಳು ಊದಿ ಕೆಳಗಿನ ಕಾಂಡವನ್ನು ಅದುಮಿದ್ದು ಕಂಡಿತು. ಕೆಮ್ಮು ಬರಲಿಲ್ಲ, ಸ್ವಂತ ಉಸಿರು ಒಂದೂ ಬರಲಿಲ್ಲ. ಆಮೇಲೆಯೇ ಬುಧವಾರ ಪರೀಕ್ಷೆ ಅಂತ ನಿಗದಿಯಾಯಿತು.

ಪರೀಕ್ಷೆ ನಡೆಯುವುದು ಹೀಗೆ

ಕಾನೂನಿನ ಪ್ರಕಾರ ನಾಲ್ಕು ವೈದ್ಯರ ತಂಡ ಇರಬೇಕು: ಆಸ್ಪತ್ರೆಯ ಹೊಣೆ ಹೊತ್ತವರು, ಚಿಕಿತ್ಸೆ ಕೊಡುತ್ತಿರುವವರು, ನರರೋಗ ಅಥವಾ ನರಶಸ್ತ್ರ ತಜ್ಞರು, ಮತ್ತು ಸರ್ಕಾರ ಒಪ್ಪಿದ ಪಟ್ಟಿಯಿಂದ ಒಬ್ಬ ತಜ್ಞರು. ಅಂಗಾಂಗ ಕಸಿ ಮಾಡುವ ತಂಡದ ಯಾರೂ ಇದರಲ್ಲಿ ಇರುವಂತಿಲ್ಲ. ‘ಕಿಡ್ನಿಗೋಸ್ಕರ ಬೇಗ ಸತ್ತ ಅಂತ ಹೇಳಿಬಿಡ್ತಾರಾ’ ಎಂಬ ಭಯ ಬಹಳ ಮನೆಯವರಿಗೆ ಇರುತ್ತದೆ, ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿ, ಕೇಳಿ. ನಾಲ್ವರ ಹೆಸರು ಬರೆದುಕೊಳ್ಳಿ.

ಪರೀಕ್ಷೆಯಲ್ಲಿ ಮೆದುಳಿನ ಕಾಂಡವನ್ನು ಮೇಲಿನಿಂದ ಕೆಳಗೆ ಒಂದೊಂದಾಗಿ ತಟ್ಟಿ ನೋಡುತ್ತಾರೆ. ಕಣ್ಣಿಗೆ ಟಾರ್ಚ್ ಬಿಟ್ಟಾಗ ಪಾಪೆ ಕುಗ್ಗುತ್ತದಾ? ಹತ್ತಿಯಿಂದ ಕಣ್ಣುಗುಡ್ಡೆ ಮುಟ್ಟಿದರೆ ರೆಪ್ಪೆ ಬಡಿಯುತ್ತದಾ? ಕಿವಿಯೊಳಗೆ ಐಸ್ ನೀರು ಬಿಟ್ಟರೆ ಕಣ್ಣು ಒಂದು ಕಡೆ ಸರಿಯುತ್ತದಾ? ಹುಬ್ಬಿನ ಮೂಳೆ ಒತ್ತಿದರೆ ಮುಖ ಕಿವುಚುತ್ತದಾ? ಗಂಟಲು, ಶ್ವಾಸನಾಳ ಮುಟ್ಟಿದರೆ ಓಕರಿಕೆ, ಕೆಮ್ಮು ಬರುತ್ತದಾ? ಇದರಲ್ಲಿ ಒಂದೇ ಒಂದಕ್ಕೆ ಸ್ಪಂದನೆ ಬಂದರೂ ಪರೀಕ್ಷೆ ಅಲ್ಲಿಗೇ ನಿಲ್ಲುತ್ತದೆ. ಅದು ಬ್ರೇನ್ ಡೆತ್ ಅಲ್ಲ.

ಕೊನೆಯದು ಉಸಿರಿನ ಪರೀಕ್ಷೆ, ಆಸ್ಪತ್ರೆಯಲ್ಲಿ ಇದನ್ನು ಆಪ್ನಿಯಾ ಟೆಸ್ಟ್ ಅನ್ನುತ್ತಾರೆ. ನಾವು ಉಸಿರು ಕಟ್ಟಿಕೊಂಡಾಗ ತಡೆಯಲಾರದೆ ಬಾಯಿ ತೆರೆಯುತ್ತೇವಲ್ಲ, ಅದು ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಕಾಂಡವನ್ನು ಒದ್ದಂತೆ ಎಬ್ಬಿಸುವುದರಿಂದ. ಪರೀಕ್ಷೆಯಲ್ಲೂ ಅದನ್ನೇ ಮಾಡುತ್ತಾರೆ. ಮೊದಲು ಹತ್ತು ನಿಮಿಷ ಪೂರ್ತಿ ಆಮ್ಲಜನಕ ಕೊಟ್ಟು, ಆಮೇಲೆ ವೆಂಟಿಲೇಟರ್ ಬಿಡಿಸಿ, ಸಣ್ಣ ಕೊಳವೆಯಿಂದ ಆಮ್ಲಜನಕ ಮಾತ್ರ ಹರಿಸುತ್ತಾರೆ. ದೇಹಕ್ಕೆ ಆಮ್ಲಜನಕ ಕೊರತೆ ಆಗದು, ಇಂಗಾಲ ಮಾತ್ರ ಏರುತ್ತಾ ಹೋಗುತ್ತದೆ. ಎದೆ, ಹೊಟ್ಟೆ ಬಟ್ಟೆ ಸರಿಸಿ ಎಂಟು–ಹತ್ತು ನಿಮಿಷ ಎಲ್ಲರೂ ಕಣ್ಣು ಕೀಲಿಸಿ ನೋಡುತ್ತಾರೆ. ಕೊನೆಗೆ ರಕ್ತ ತೆಗೆದು ಅಳೆಯುತ್ತಾರೆ. ಇಂಗಾಲದ ಮಟ್ಟ 60 ದಾಟಿಯೂ ಒಂದು ಉಸಿರೂ ಬರದಿದ್ದರೆ, ಉಸಿರು ಹುಟ್ಟುವ ಜಾಗವೇ ಇಲ್ಲವಾಗಿದೆ ಎಂದರ್ಥ. ನಡುವೆ ಬಿಪಿ ಬಿದ್ದರೆ ನಿಲ್ಲಿಸಿ ಮತ್ತೆ ವೆಂಟಿಲೇಟರ್ ಹಾಕುತ್ತಾರೆ.

ವರದಿಯಲ್ಲಿ ‘ಆಪ್ನಿಯಾ ಟೆಸ್ಟ್ ಪಾಸಿಟಿವ್’ ಅಂತ ಬರೆದಿರುತ್ತಾರೆ. ಪಾಸಿಟಿವ್ ಅಂದರೆ ಒಳ್ಳೆಯದು ಎಂದುಕೊಂಡು ಕೈಮುಗಿದ ತಂದೆಯೊಬ್ಬರನ್ನು ನಾನು ನೋಡಿದ್ದೇನೆ. ಇಲ್ಲಿ ಪಾಸಿಟಿವ್ ಅಂದರೆ ಉಸಿರು ಬರಲಿಲ್ಲ ಅಂತ.

ಇಷ್ಟೂ ಪರೀಕ್ಷೆಯನ್ನು ಕನಿಷ್ಠ 6 ಗಂಟೆ ಬಿಟ್ಟು ಮತ್ತೊಮ್ಮೆ ಮಾಡಬೇಕು. ನಮ್ಮ ಹುಡುಗನಿಗೆ ಬುಧವಾರ ಬೆಳಗ್ಗೆ 10ಕ್ಕೆ ಮೊದಲ ಸಲ, ಸಂಜೆ 5ಕ್ಕೆ ಎರಡನೇ ಸಲ ಆಯಿತು. ಬೆಳಗ್ಗೆ ಇಂಗಾಲ 40ರಿಂದ 68ಕ್ಕೆ ಏರಿತು, ಸಂಜೆ 41ರಿಂದ 72ಕ್ಕೆ. ಎರಡು ಸಲವೂ ಎದೆ ಅಲುಗಲಿಲ್ಲ. ನಾಲ್ವರು ಸಹಿ ಹಾಕಿದರು. ಆ ಕಾಗದಕ್ಕೆ ಫಾರಂ 10 ಎಂದು ಹೆಸರು. ಅದನ್ನು ತೋರಿಸಿ ಅಂತ ಕೇಳಿ.

ಇನ್ನೊಂದು ಮಾತು. ಪರೀಕ್ಷೆ ನಡೆಯುವಾಗ ಮನೆಯವರೊಬ್ಬರು ಪಕ್ಕದಲ್ಲಿ ನಿಂತು ನೋಡಬಹುದಾ ಅಂತ ಕೇಳಿ. ಎಲ್ಲ ಕಡೆ ಬಿಡುವುದಿಲ್ಲ. ಬಿಟ್ಟರೆ, ಗಟ್ಟಿ ಮನಸ್ಸಿನವರೊಬ್ಬರು ನಿಲ್ಲಿ. ಅವನ ಅಕ್ಕ ಎರಡನೇ ಸಲ ನಿಂತಿದ್ದರು. ಹೊರಗೆ ಬಂದು ಅಮ್ಮನಿಗೆ ಹೇಳಿದ್ದು ಇಷ್ಟೇ: “ಮೆಷಿನ್ ತೆಗೆದ್ರು ಅಮ್ಮಾ. ನಾನೇ ನೋಡ್ದೆ. ಅವನು ಉಸಿರು ಎಳಕೊಳ್ಳಲೇ ಇಲ್ಲ.” ನಾವು ಎರಡು ದಿನ ಹೇಳಿದ್ದು ಆ ತಾಯಿಗೆ ಆಗ ಅರ್ಥವಾಯಿತು.

ಕೈ ಅಲುಗಿತು ಅಂದರೆ

ಅಷ್ಟಾದ ಮೇಲೂ ರಾತ್ರಿ ಏಳರ ಹೊತ್ತಿಗೆ ಅವನ ಮಾವ ಓಡಿಬಂದರು. ಪಾದ ಮುಟ್ಟಿದಾಗ ಬೆರಳು ಮಡಚಿತಂತೆ. ಅವರು ಸುಳ್ಳು ಹೇಳಲಿಲ್ಲ, ಭ್ರಮೆಯೂ ಅಲ್ಲ.

ಬೆನ್ನುಹುರಿಗೆ ತನ್ನದೇ ಸಣ್ಣ ಸಣ್ಣ ಸ್ಪಂದನೆಗಳಿವೆ. ಬಿಸಿ ತಾಗಿದರೆ ಯೋಚಿಸುವ ಮೊದಲೇ ಕೈ ಹಿಂದೆ ಬರುತ್ತದಲ್ಲ, ಅದು ಬೆನ್ನುಹುರಿಯ ಕೆಲಸ. ಮೆದುಳು ಸತ್ತ ಮೇಲೂ ಬೆನ್ನುಹುರಿಗೆ ರಕ್ತ ಹೋಗುತ್ತಿದ್ದರೆ ಅದು ಉಳಿದಿರುತ್ತದೆ. ಕಾಲ್ಬೆರಳು ಮಡಚಬಹುದು, ಮೊಣಕಾಲು ಅದುರಬಹುದು, ಮೈ ಬೆವರಬಹುದು. ಅಪರೂಪಕ್ಕೆ ಎರಡೂ ಕೈ ಎದ್ದು ಎದೆಯ ಮೇಲೆ ಬಂದು ಬೀಳುವುದೂ ಉಂಟು. ಹಾಗೆ ಆಗುವುದನ್ನು ಮೊದಲ ಸಲ ನೋಡಿದ ದಿನ ನಾನೂ ಹೆದರಿದ್ದೆ.

ಬೆನ್ನುಹುರಿಯ ಅಲುಗಾಟ ಕುತ್ತಿಗೆಯಿಂದ ಕೆಳಗೆ ಇರುತ್ತದೆ, ಸಾಮಾನ್ಯವಾಗಿ ಮುಟ್ಟಿದಾಗ, ಹೊರಳಿಸಿದಾಗ ಬರುತ್ತದೆ, ಪ್ರತಿಸಲ ಒಂದೇ ಥರ ಇರುತ್ತದೆ. ಮುಖ ಕಿವುಚುವುದು, ರೆಪ್ಪೆ ಬಡಿಯುವುದು, ಕೆಮ್ಮು ಬೇರೆ ವಿಷಯ. ಅದನ್ನು ಕಂಡರೆ ತಕ್ಷಣ ಡಾಕ್ಟರಿಗೆ ಹೇಳಿ, ಸಾಧ್ಯವಾದರೆ ಅವರ ಎದುರೇ ಮತ್ತೆ ತೋರಿಸಿ. ವೆಂಟಿಲೇಟರ್ ಪರದೆಯ ಮೇಲೆ ‘ರೋಗಿಯೇ ಉಸಿರೆಳೆದ’ ಎಂಬ ಗುರುತು ಮೂಡುವುದೂ ಉಂಟು. ಹೃದಯ ಬಡಿತದ ಅಲುಗಾಟವನ್ನೇ ಮೆಷಿನ್ ಉಸಿರು ಎಂದು ತಪ್ಪಾಗಿ ಎಣಿಸಬಹುದು. ಅದಕ್ಕೇ ಮೆಷಿನ್ ಬಿಡಿಸಿ ಪರೀಕ್ಷಿಸುವುದು. ಅವನ ಮಾವನ ಮುಂದೆ ಡಾಕ್ಟರ್ ಮತ್ತೆ ಪಾದ ಮುಟ್ಟಿದರು, ಬೆರಳು ಮಡಚಿತು. ಹುಬ್ಬು ಒತ್ತಿದರು, ಮುಖ ಹಾಗೇ ಇತ್ತು. ಎರಡನ್ನೂ ಅವರೇ ನೋಡಿದರು.

ಕೋಮಾ ಅಥವಾ ವೆಜಿಟೇಟಿವ್ ಅಂದರೆ ಕೇಳುವ ಪ್ರಶ್ನೆ ಬೇರೆ

ಡಾಕ್ಟರ್ ‘ಕೋಮಾ’ ಅಂದರೆ ‘ಯಾವಾಗ ಏಳ್ತಾರೆ’ ಎಂಬ ಪ್ರಶ್ನೆಗೆ ಮೊದಲ ದಿನ ಪ್ರಾಮಾಣಿಕ ಉತ್ತರ ಸಿಗುವುದು ಕಷ್ಟ. ಅದರ ಬದಲು ‘ಕಾರಣ ಏನು, ಮಂಪರಿನ ಔಷಧ ಓಡ್ತಿದೆಯಾ, ನಿನ್ನೆಗಿಂತ ಏನು ಬದಲಾಗಿದೆ’ ಎಂದು ದಿನಾ ಕೇಳಿ. ಸಕ್ಕರೆ ಇಳಿದು ಆದ ಕೋಮಾವನ್ನು ಬೇಗ ಹಿಡಿದರೆ ಗಂಟೆಗಳಲ್ಲಿ ತಿರುಗಬಹುದು. ಹೃದಯ ನಿಂತು ಬಹಳ ಹೊತ್ತು ಆಮ್ಲಜನಕ ಇಲ್ಲದೆ ಆದ ಕೋಮಾ ಕಠಿಣ.

ಕಣ್ಣು ತೆರೆದವರ ವಿಷಯದಲ್ಲಿ ತಪ್ಪಾಗುವುದು ಜಾಸ್ತಿ. ಬರೀ ಹಾಸಿಗೆ ಪಕ್ಕ ನಿಂತು ನೋಡಿ ‘ವೆಜಿಟೇಟಿವ್’ ಎಂದು ಬರೆದವರನ್ನು ಕ್ರಮಬದ್ಧವಾಗಿ ಪರೀಕ್ಷಿಸಿದಾಗ, ಹತ್ತರಲ್ಲಿ ಸುಮಾರು ನಾಲ್ವರಿಗೆ ಅಲ್ಪ ಅರಿವು ಇದ್ದದ್ದು ಒಂದು ಅಧ್ಯಯನದಲ್ಲಿ ಕಂಡಿತ್ತು. ಇಲ್ಲಿ ಮನೆಯವರ ಕಣ್ಣಿಗೆ ಬೆಲೆ ಇದೆ. ಅಂಗೈ ಅಗಲದ ಕನ್ನಡಿಯನ್ನು ಮುಖದ ಮುಂದೆ ಹಿಡಿದು ನಿಧಾನವಾಗಿ ಪಕ್ಕಕ್ಕೆ ಸರಿಸಿ. ತನ್ನ ಮುಖವನ್ನು ಕಣ್ಣು ಹಿಂಬಾಲಿಸುತ್ತದಾ ನೋಡಿ. ಒಂದು ಸಲಕ್ಕೆ ನಂಬಬೇಡಿ, ದಿನಕ್ಕೆ ಎರಡು ಹೊತ್ತು, ಅವರು ಚೆನ್ನಾಗಿ ಎಚ್ಚರ ಇರುವಾಗ, ಟಿವಿ ಆರಿಸಿ ಮಾಡಿ. “ಕೈ ಹಿಡಿ” ಅಂದಾಗ ಹಿಡಿದರೆ, “ಬಿಡು” ಅಂದಾಗಲೂ ಬಿಡುತ್ತಾರಾ ನೋಡಿ. ಅಂಗೈ ಮುಟ್ಟಿದರೆ ಬೆರಳು ತಾನಾಗಿ ಮುಚ್ಚುವುದು ಸ್ಪಂದನೆ ಅಷ್ಟೇ, ಹೇಳಿದಾಗ ಬಿಡುವುದು ಅರಿವು. ದಿನಾಂಕ, ಹೊತ್ತು ಬರೆದಿಟ್ಟು, ಫೋನಿನಲ್ಲಿ ವಿಡಿಯೊ ಮಾಡಿ ನರರೋಗ ತಜ್ಞರಿಗೆ ತೋರಿಸಿ.

ತಲೆಗೆ ಪೆಟ್ಟಾದವರಿಗೆ ಒಂದು ವರ್ಷದವರೆಗೆ ಸುಧಾರಣೆಗೆ ಜಾಗ ಇದೆ ಎಂದು, ಆಮ್ಲಜನಕ ನಿಂತು ಆದವರಿಗೆ ಮೂರು ತಿಂಗಳು ಎಂದು ಹಿಂದಿನಿಂದ ಲೆಕ್ಕ ಇಡುತ್ತಾರೆ. ಆಮೇಲೆಯೂ ಅಪರೂಪಕ್ಕೆ ಬದಲಾವಣೆ ಆಗುತ್ತದೆ. ಇಂಥವರಿಗೆ ಚಿಕಿತ್ಸೆ ಮುಂದುವರಿಸುವುದೋ ಬೇಡವೋ ಎಂಬ ಪ್ರಶ್ನೆ ಬಂದರೆ ದಾರಿಯೇ ಬೇರೆ. ಅವರು ಬದುಕಿದ್ದಾರೆ, ಫಾರಂ 10 ಅವರಿಗೆ ಅನ್ವಯಿಸದು. ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿ 2023ರಲ್ಲಿ ಸರಳ ಮಾಡಿದ ಕ್ರಮದಲ್ಲಿ ಎರಡು ವೈದ್ಯಕೀಯ ಮಂಡಳಿಗಳು ಒಪ್ಪಬೇಕು, ಮನೆಯವರೂ ಒಪ್ಪಬೇಕು. ಇದನ್ನು ಜಾರಿ ಮಾಡಲು ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಆದೇಶ ಹೊರಡಿಸಿದೆ.

ಫಾರಂ 10ಕ್ಕೆ ಸಹಿ ಬಿದ್ದ ಮೇಲೆ

ಸಂಚಾರಿ ವಿಜಯ್ ಅವರ ಅಪಘಾತ ನಿಮಗೆ ನೆನಪಿರಬಹುದು. 2021ರ ಜೂನ್ 14ರಂದು ‘ಮೆದುಳು ನಿಷ್ಕ್ರಿಯ’ ಎಂಬ ಸುದ್ದಿ ಬಂತು, ಮನೆಯವರು ಅಂಗಾಂಗ ದಾನಕ್ಕೆ ಒಪ್ಪಿದರು, 15ರಂದು ನಿಧನ ಎಂಬ ಸುದ್ದಿ ಬಂತು. ಆ ನಡುವೆ ನನಗೆ ಎಷ್ಟೋ ಜನ ಫೋನ್ ಮಾಡಿ “ಇನ್ನೂ ಜೀವ ಇದೆ ಅಲ್ವಾ ಸಿಸ್ಟರ್” ಅಂತ ಕೇಳಿದರು. ಈ ಎರಡು ದಿನಾಂಕದ ಗೊಂದಲ ಪ್ರತಿ ಮನೆಯಲ್ಲೂ ಆಗುತ್ತದೆ. ಅದಕ್ಕೆ ಮರಣ ಪ್ರಮಾಣಪತ್ರದಲ್ಲಿ ಯಾವ ದಿನ, ಯಾವ ಹೊತ್ತು ಬರೆಯುತ್ತೀರಿ ಎಂದು ಮೊದಲೇ ಕೇಳಿಕೊಳ್ಳಿ. ಇನ್ಶೂರೆನ್ಸ್‌ಗೂ ಅದು ಬೇಕು, ತಿಥಿ ಲೆಕ್ಕಕ್ಕೂ ಬೇಕು.

ದಾನದ ಮಾತು ಬರುವುದು ಈ ಹಂತದಲ್ಲಿ ಮಾತ್ರ. ಅದಕ್ಕೆ ಮೊದಲೇ ಯಾರಾದರೂ ಎತ್ತಿದರೆ “ಮೊದಲು ಪರೀಕ್ಷೆ ಮುಗೀಲಿ” ಅನ್ನಿ. ಕರ್ನಾಟಕದಲ್ಲಿ ಜೀವಸಾರ್ಥಕತೆ ಎಂಬ ಸರ್ಕಾರಿ ಸಂಸ್ಥೆ ಇದನ್ನು ನೋಡಿಕೊಳ್ಳುತ್ತದೆ. ಒಪ್ಪುವುದೂ ಬಿಡುವುದೂ ನಿಮ್ಮದು. ಒಪ್ಪಿದರೆ ಅಂಗ ತೆಗೆಯುವವರೆಗೆ ದೇಹವನ್ನು ಕಾಪಾಡುವ ಖರ್ಚು, ಆಪರೇಷನ್ ಖರ್ಚು ನಿಮ್ಮ ಮೇಲೆ ಬರುವಂತಿಲ್ಲ. ಅಪಘಾತದ ಕೇಸ್ ಆದರೆ ಪೊಲೀಸ್ ಮತ್ತು ಪೋಸ್ಟ್‌ಮಾರ್ಟಂ ಇದ್ದೇ ಇರುತ್ತದೆ, ಹೊತ್ತು ಹಿಡಿಯುತ್ತದೆ. ಒಪ್ಪದಿದ್ದರೂ ಆ ಕಾಗದದಲ್ಲಿರುವುದು ಬದಲಾಗದು. ವೆಂಟಿಲೇಟರ್ ಯಾವಾಗ ಬಿಡಿಸುತ್ತಾರೆ, ಅಲ್ಲಿಯವರೆಗಿನ ಬಿಲ್ ಹೇಗೆ ಎಂಬುದು ಆಸ್ಪತ್ರೆಯಿಂದ ಆಸ್ಪತ್ರೆಗೆ ಬೇರೆ ಇರುತ್ತದೆ, ಅದನ್ನು ಕಾಗದದ ಮೇಲೆ ಬರೆಸಿಕೊಳ್ಳಿ.

ಬರಬೇಕಾದವರು ಇದ್ದರೆ ಹೇಳಿ, ಸಾಮಾನ್ಯವಾಗಿ ಕಾಯುತ್ತಾರೆ. ಆ ಹುಡುಗನ ಅಜ್ಜಿ ಊರಿಂದ ಬರುವವರೆಗೆ ನಾವು ಕಾದೆವು. ರಾತ್ರಿ ಹನ್ನೊಂದಕ್ಕೆ ಬಂದರು. ಬಾಯಿಗೆ ನೀರು ಬಿಡಬಹುದಾ ಅಂತ ಕೇಳಿದರು. ಟ್ಯೂಬ್ ಇದ್ದುದರಿಂದ ಹತ್ತಿಯನ್ನು ನೀರಲ್ಲಿ ಅದ್ದಿ ಕೊಟ್ಟೆ, ತುಟಿ ಒದ್ದೆ ಮಾಡಿದರು. ಅವನ ಪ್ರಮಾಣಪತ್ರದಲ್ಲಿ ಬುಧವಾರ ಸಂಜೆಯ ಹೊತ್ತು ಬರೆದಿತ್ತು. ಮನೆಯವರು ಹನ್ನೊಂದನೇ ದಿನವನ್ನು ಬುಧವಾರದಿಂದಲೇ ಎಣಿಸಿದರು.